ಕತ್ತಿನ ಹಿಂದಿನ ಓರೆ ಗೆರೆ

ಕನ್ನಡಿಯೆದುರು ಯಾರದೋ ಕತ್ತು, ಒದ್ದೆ ಕೂದಲು, ಬಾಚಣಿಗೆ ಇಳಿಸಿದರೆ ನೇರ ಗೆರೆ, ಆದರೆ ಫೋಟೊದ ಆ ಗೆರೆ ಓರೆಯಾಗಿತ್ತು, ಎಡಗಡೆ ಒಂದು ಬೆರಳಷ್ಟು ಮೇಲೆ — ಬೆಳಿಗ್ಗೆ ಫೋನಿನಲ್ಲಿ ನೋಡಿದಾಗಿನಿಂದ ಪಾರ್ಲರಿಗೆ ಬಂದವರ ಕತ್ತಿನ ಮೇಲೆಲ್ಲ ಇವಳಿಗೆ ಅದೇ ಕಾಣುತ್ತಿದೆ. ಹೆರಿಗೆಗೆ ಹೋಗುವವರೆಗೆ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳತಿ ಪಟಪಟಿ, ಬಾಯಿಗೆ ಬೀಗವಿಲ್ಲದವಳೆಂದು ಅಂಗಡಿಯವರೇ ಇಟ್ಟ ಹೆಸರು, ಹಾಕಿದ್ದ ಫೋಟೊ: ಬೆನ್ನು ತಿರುಗಿಸಿ ನಿಂತಿದ್ದಾಳೆ, ಹೆಗಲ ಮೇಲಿಂದ ಮಗು ಇಣುಕುತ್ತಿದೆ. ಎಲ್ಲರೂ ಅಯ್ಯೋ ಮುದ್ದು ಅಂದರು, ಇವಳಿಗೆ ಕಂಡದ್ದು ಕೂದಲು. ಸೊಂಟಕ್ಕಿದ್ದದ್ದು ಕತ್ತಿಗೆ ಬಂದಿದೆ. ಯಾವಳ ಕೈ ಅದು? ನಮ್ಮ ಕತ್ತಿನ ಹಿಂದೆ ನಮಗೆ ಕಾಣೋದಿಲ್ಲ ಕಣೇ, ನಿನ್ನದು ನಾನು, ನನ್ನದು ನೀನು, ಬೇರೆಯವರ ಕತ್ತರಿ ಮುಟ್ಟಕೂಡದು — ಅಂದವಳು ಅವಳೇ ತಾನೆ, ಅಂಗಡಿ ಮುಚ್ಚಿದ ಮೇಲೆ ಒಬ್ಬರ ಹಿಂದೆ ಒಬ್ಬರು ನಿಂತು ನಗುತ್ತಿದ್ದಾಗ. ಪಟಪಟಿಯ ಎದುರುಮನೆಯವಳಿರಬೇಕು, ಅವಳಿಗೂ ಎಳೆಮಗು, ಇಬ್ಬರೂ ತಳ್ಳುಗಾಡಿ ಹಿಡಿದು ಹಲ್ಲು ಕಿರಿಯುವ ಫೋಟೊ ಹೋದ ತಿಂಗಳು ಬಂದಿತ್ತಲ್ಲ, ನೋಡಿ ಇವಳ ಹೊಟ್ಟೆ ಉರಿದಿತ್ತು, ಈಗ ಇನ್ನೂ ಉರಿಯುತ್ತಿದೆ, ಅಂಗೈ ಅಗಲದ ಆ ಕೂಸಿನ ಮೇಲೂ ಉರಿಯುತ್ತಿದೆ, ನಾಚಿಕೆಯಾಗಬೇಕು, ಆಗುತ್ತಿಲ್ಲ.

ಬದುಕಿದ್ದೀಯೇನೇ ಎಂದು ಬರೆದಳು, ಅಳಿಸಿದಳು. ಹೊಸಬರು ಸಿಕ್ಕರು ಅಂತ ಕಾಣುತ್ತೆ — ಅದನ್ನೂ. ಟವೆಲ್ ಮಡಚುತ್ತ ಇವಳ ಫೋನಿಗೆ ಇಣುಕಿದ ಓನರಕ್ಕ, ಅವಳೂ ಎರಡು ಹೆತ್ತವಳು, ಅಂದಳು, ಕೊಂಕು ಬೇಡ ಕಣೇ, ಹೇಗಿದ್ದೀಯ ಅಂತಲೂ ಕೇಳ್ಬೇಡ, ಅದಕ್ಕೆ ಉತ್ತರ ಬರೆಯೋಕೆ ಎರಡು ಕೈ ಬೇಕು, ಹಾಲು ಕುಡಿಸೋಳಿಗೆ ಇರೋದು ಒಂದೇ. ಉತ್ತರ ಬರ್ಲಿಲ್ಲ ಅಂದ್ರೆ ನಿನ್ನ ಮರೆತಳು ಅಂತಲ್ಲ, ಓದಿ, ಆಮೇಲೆ ಬರೀತೀನಿ ಅಂದ್ಕೊಂಡು, ತಡವಾಯ್ತಲ್ಲ ಅಂತ ನಾಚ್ಕೊಂಡು ಸುಮ್ಮನಾಗಿರ್ತಾಳೆ. ಹೂಂ ಅಂದ್ರೆ ಮುಗಿಯೋ ಹಾಗೆ ಬರಿ. ಇವಳು ಹಲ್ಲು ಕಚ್ಚಿ ಬರೆದಳು: ನಿನ್ನ ನೆನಪಾಯ್ತು. ತಡವಾಗಿ ಉತ್ತರ ಬಂದ್ರೂ ಸರಿ, ಬರದಿದ್ರೂ ಸರಿ. ಮಂಗಳವಾರ ನನಗೆ ರಜೆ, ಅರ್ಧ ಗಂಟೆ ಬಂದು ನಿನ್ನ ತಲೆ ತೊಳೆದುಕೊಡ್ಲಾ? ಮನೆ ಹೇಗಿದ್ರೂ ಪರವಾಗಿಲ್ಲ. ಬೆಲ್ ಒತ್ತಲ್ಲ, ಬಾಗಿಲಲ್ಲಿ ನಿಂತು ಮೆಸೇಜ್ ಹಾಕ್ತೀನಿ. ಅಷ್ಟು ಒಳ್ಳೆಯವಳೇ ನಾನು, ಅಲ್ಲ, ಆ ಕೂದಲು ಯಾರು ಕತ್ತರಿಸಿದ್ದೆಂದು ನೋಡಬೇಕು, ಅಷ್ಟೇ, ಅಷ್ಟೇನಾ. ಎರಡು ದಿನ ಫೋನು ಮೂಕವಾಗಿತ್ತು. ಆಮೇಲೆ ಒಂದಕ್ಷರ: ಬಾ.

ಮೆಟ್ಟಿಲು, ಬಾಗಿಲ ಹೊರಗೆ ತಳ್ಳುಗಾಡಿ, ಕೈಚೀಲದಲ್ಲಿ ಕತ್ತರಿ ಶಾಂಪೂ, ಬಂದೆ ಅಂತ ಮೆಸೇಜ್ — ಒಂದು ಮಾತು ಜಾರಿದರೂ ಈ ಬಾಗಿಲು ಇನ್ನೊಮ್ಮೆ ತೆರೆಯಲಿಕ್ಕಿಲ್ಲ. ತೆರೆಯಿತು. ಕಣ್ಣ ಕೆಳಗೆ ಕಪ್ಪು, ಹೆಗಲ ಮೇಲೆ ಹಾಲಿನ ಕಲೆ, ಅದೇ ಪಟಪಟಿ, ಪಿಸುಮಾತಿನಲ್ಲಿ, ಸಾರಿ ಕಣೇ, ದಿನಾ ಬರೀಬೇಕು ಅಂತಾನೇ, ನಾನು... ಬಿಡೇ, ಲೆಕ್ಕ ಕೇಳೋಕೆ ಬಂದಿಲ್ಲ, ಊಟ ಆಯ್ತಾ ನಿಂದು? ಮಗುವನ್ನು ಎತ್ತಿಕೊಳ್ಳಲು ಇವಳು ಕೈ ಚಾಚಲಿಲ್ಲ, ಮೊದಲು ಸೋಪು ಹಚ್ಚಿ ಕೈ ತೊಳೆದಳು, ತಟ್ಟೆಗೆ ಬಡಿಸಿ ಕೊಟ್ಟಳು, ಪಟಪಟಿ ಒಂದೇ ಕೈಯಲ್ಲಿ ಗಬಗಬ ತಿಂದಳು, ಮಗು ಎದೆಯ ಮೇಲೇ ನಿದ್ದೆಹೋಯಿತು, ಎಷ್ಟು ಹಾಯಾಗಿ ಮಲಗಿದೆ, ಆ ಹೆಗಲಿಗೆ ಒರಗಿ ಇವಳೂ ಒಮ್ಮೆ ಅತ್ತಿದ್ದಳು, ಈಗ ಅಲ್ಲಿ ಜಾಗವಿಲ್ಲ. ತೊಟ್ಟಿಲಿಗೆ ಹಾಕಿದ ಮೇಲೆ ತಲೆಯನ್ನು ಸಿಂಕಿಗೆ ಬಾಗಿಸಿ ಬೆಚ್ಚಗಿನ ನೀರು, ನೊರೆ, ಬೆರಳಿಗೆ ಎಳೆಎಳೆಯಾಗಿ ಸುತ್ತಿಕೊಳ್ಳುವ ಕೂದಲು, ಹೆರಿಗೆಯಾದ ಮೇಲೆ ಹೀಗೇ ಉದುರುತ್ತಂತೆ ಕಣೇ, ಮತ್ತೆ ಬರುತ್ತಂತೆ, ನೀನು ಹೇಳು, ಅಂಗಡಿ ಸುದ್ದಿ ಹೇಳು, ಯಾರೂ ನಂಗೆ ಮಗು ವಿಷಯ ಬಿಟ್ಟು ಬೇರೇನೂ ಹೇಳಲ್ಲ. ಹೇಳಿದಳು. ಪಟಪಟಿ ಬಾಯಿ ಮುಚ್ಚಿಕೊಂಡು ನಕ್ಕಳು, ಮಗು ಏಳಬಾರದಲ್ಲ.

ಆಮೇಲೆ ಕುರ್ಚಿ, ಟವೆಲ್, ಬಾಚಣಿಗೆ. ಒದ್ದೆ ಕೂದಲು ಇಳಿಯಿತು. ಎಡಗಡೆ ಒಂದು ಬೆರಳಷ್ಟು ಮೇಲೆ. ಕೇಳಬಾರದು, ನಾಲಿಗೆ ಕಚ್ಚಿಕೋ, ಎದುರುಮನೆಯವಳಾದರೂ ಅವಳಿಗೆ ಜೊತೆಗಿರಲಿ, ಕೇಳಬೇಡ — ಕೇಳುವ ಮೊದಲೇ ಪಟಪಟಿ, ನಗ್ಬೇಡವೇ, ನಾನೇ ಕತ್ತರಿಸ್ಕೊಂಡಿದ್ದು, ಮಗು ಎಳೆದೂ ಎಳೆದೂ ತಲೆ ಕಿತ್ತುಬರ್ತಿತ್ತು, ಬಲಗೈಯಲ್ಲಿ ಮಗು, ಎಡಗೈಯಲ್ಲಿ ಅದರ ಉಗುರು ಕತ್ತರಿ, ಎದುರುಮನೆಯೋಳು ನಾನು ಮಾಡ್ತೀನಿ ಅಂದ್ಲು, ಬೇರೆಯವರ ಕತ್ತರಿ ಮುಟ್ಟಕೂಡದಲ್ಲ. ಇವಳ ಕೈ ಅಲ್ಲೇ ನಿಂತಿತು. ಒಂದು ಬೆರಳಷ್ಟು. ಉಗುರು ಕತ್ತರಿಯಿಂದ. ತೊಟ್ಟಿಲಲ್ಲಿ ಕೂಸು ಮಿಸುಕಿತು, ಪಟಪಟಿಯ ತಲೆ ತಟ್ಟನೆ ಅತ್ತ ತಿರುಗಿತು, ಇನ್ನೇನು ಏಳುತ್ತದೆ, ಇನ್ನೇನು ಅವಳನ್ನು ಇವಳ ಕೈಯಿಂದ ಕಿತ್ತುಕೊಳ್ಳುತ್ತದೆ, ಒಂದು ನಿಮಿಷ ತಡಿ ಪುಟ್ಟಾ, ನನಗೂ ಒಂದು ನಿಮಿಷ, ಕಣ್ಣು ಮಂಜಾದರೆ ನೇರ ಕತ್ತರಿಸುವುದು ಹೇಗೆ, ಈ ಗೆರೆ, ಎಡಗಡೆ ಮೇಲೆ, ಕತ್ತಿನ ಹಿಂದೆ, ಒಂಟಿ ಕೈಯಲ್ಲಿ ಎಳೆದ, ಓರೆ ಗೆರೆ —