ಒರಿಜಿನ್ ಈಗಾಗಲೇ ಇದೆ

ಲಿಮೆರಿಕ್ ಹೊರವಲಯದ ಆ ಕಚೇರಿಯಲ್ಲಿ ಕನ್ನಡ ಬಲ್ಲವರು ಇಬ್ಬರೇ ಇದ್ದರು. ಒಬ್ಬ ಮಯೂರ್, ತಂಡದ ಲೀಡ್. ಇನ್ನೊಬ್ಬಳು ಶ್ರೀಲಕ್ಷ್ಮಿ, ಮಗಳಿಗಾಗಿ ಕೆಲವು ವರ್ಷ ಕೆಲಸ ಬಿಟ್ಟಿದ್ದು ಈಗ ಮತ್ತೆ ಸೇರಿದವಳು. ಅವಳ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಗಂಡ ಭಾಸ್ಕರ, ಮಗಳು ಮಾನ್ಯಾ ಇಬ್ಬರೂ ಅವಳ ಕೆಲಸದ ಪರ್ಮಿಟ್ ನೆಚ್ಚಿಕೊಂಡೇ ಐರ್ಲೆಂಡಿಗೆ ಬಂದಿದ್ದರು.

ವಯಸ್ಸಿನಲ್ಲಿ ಮಯೂರ್ ಅವಳಿಗಿಂತ ಚಿಕ್ಕವನು. ಆದರೂ ಮೊದಲ ದಿನದಿಂದಲೇ ನೀನು ಎನ್ನುತ್ತಿದ್ದ, ಅವಳು ನೀವು ಎನ್ನುತ್ತಿದ್ದಳು. ಮಿಕ್ಕವರ ಮುಂದೆ ಅವನು ಅವಳನ್ನು ಬಯ್ಯುತ್ತಿದ್ದುದು ಕನ್ನಡದಲ್ಲೇ, ಅದೂ ಮೆಲುದನಿಯಲ್ಲಿ, ಮುಗುಳ್ನಗುತ್ತ. "ಮೈಸೂರಲ್ಲಿ ಕೂತು ಹಪ್ಪಳ ಒತ್ತೋದು ಬಿಟ್ಟು ಯಾಕಮ್ಮಾ ಇಲ್ಲಿಗೆ ಬಂದೆ?" ಎಂದು ಮಗುವಿಗೆ ಲಾಲಿ ಹಾಡುವಂತೆ ಕೇಳುತ್ತಿದ್ದ. ಎದುರು ಮೇಜಿನ ಮ್ಯಾನೇಜರ್ ಓರ್ಲಾ ಒಮ್ಮೆ ಶ್ರೀಲಕ್ಷ್ಮಿಗೆ ಹೇಳಿದ್ದಳು, "ನಿನ್ನ ಭಾಷೆಯಲ್ಲೇ ಹೇಳಿಕೊಡುವವರು ಸಿಕ್ಕಿದ್ದು ನಿನ್ನ ಅದೃಷ್ಟ. ಎಷ್ಟು ತಾಳ್ಮೆ ಅವನಿಗೆ!"

ಅವರ ಕಂಪನಿ ಸಣ್ಣ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ವೆಬ್‌ಸೈಟ್ ಕಟ್ಟಿಕೊಡುತ್ತಿತ್ತು. ಹೊಸದಾಗಿ ಒಂದು ಪಶುಚಿಕಿತ್ಸಾಲಯದ ಕೆಲಸ ಬಂದಿತ್ತು. ಮಯೂರ್ ಅದನ್ನು ಶ್ರೀಲಕ್ಷ್ಮಿಗೆ ಕೊಟ್ಟು, "ಬ್ಯಾಲಿನ್‌ಕೊಲಿಗ್ ಹಲ್ಲಿನ ಕ್ಲಿನಿಕ್‌ದು ರೆಡಿ ಇದೆ. ಆ ಫೋಲ್ಡರ್ ಪೂರ್ತಿ ಕಾಪಿ ಮಾಡ್ಕೋ, ಅದರ ಮೇಲೇ ಬದಲಾಯಿಸು," ಎಂದಿದ್ದ. ಅವಳು ಹಾಗೇ ಮಾಡಿದಳು. ಹಲ್ಲುಗಳ ಚಿತ್ರದ ಜಾಗದಲ್ಲಿ ನಾಯಿ, ಬೆಕ್ಕು, ಕರು ಬಂದವು. ಬಣ್ಣ ಬದಲಾಯಿತು, ಪ್ರಶ್ನೆಗಳು ಬದಲಾದವು. ಎಲ್ಲ ಬದಲಾವಣೆಗಳನ್ನೂ ಕಮಿಟ್ ಮಾಡಿ ದಾಖಲಿಸಿದಳು.

ಇನ್ನು ಉಳಿದದ್ದು ಕೋಡನ್ನು ಸರ್ವರಿನಲ್ಲಿರುವ ಹೊಸ ರೆಪೊಗೆ, ಅಂದರೆ ಕೋಡಿನ ಕಣಜಕ್ಕೆ, ಪುಷ್ ಮಾಡಿ ಕಳಿಸುವುದು. ಅದಕ್ಕೆ ರೆಪೊದ ವಿಳಾಸವನ್ನು ಒಂದು ಹೆಸರಿಟ್ಟು ಫೋಲ್ಡರಿಗೆ ತಿಳಿಸಬೇಕು. ಎಲ್ಲರೂ ಇಡುವ ಹೆಸರು ಒರಿಜಿನ್. ಶ್ರೀಲಕ್ಷ್ಮಿ git remote add origin ಎಂದು ಬರೆದು, ಮುಂದೆ ಹೊಸ ವಿಳಾಸ ಹಾಕಿ ಎಂಟರ್ ಒತ್ತಿದಳು.

error: remote origin already exists.

ಒರಿಜಿನ್ ಈಗಾಗಲೇ ಇದೆ ಎಂದರೆ, ಯಾರೋ ಮೊದಲೇ ಇಟ್ಟಿರಬೇಕು. ಅವಳಿಗೆ ಒಳಗೊಳಗೇ ಅಳುಕಾಯಿತು. ಪಕ್ಕದ ಕುರ್ಚಿಯಲ್ಲಿ ಫೋನು ನೋಡುತ್ತಿದ್ದ ಮಯೂರ್‌ನನ್ನು ಕೇಳಿದಳು.

"ಒರಿಜಿನ್ ಆಗ್ಲೇ ಇದೆ ಅಂತಿದೆ. ಅದು ಎಲ್ಲಿಗೆ ತೋರಿಸ್ತಿದೆ ಅಂತ ಒಂದ್ಸಲ ನೋಡ್ಬೇಕಲ್ವಾ?"

ಮಯೂರ್ ತಲೆ ಎತ್ತಲಿಲ್ಲ. "ಇಂಗ್ಲಿಷ್ ಓದಕ್ಕೆ ಬರುತ್ತಾ? ಇದೆ ಅಂದ್ರೆ ಇದೆ ಅಂತ. ಇನ್ನೇನು ಆರತಿ ಎತ್ತಬೇಕಾ ಅದಕ್ಕೆ? ಪುಷ್ ಮಾಡು."

"ಇಲ್ಲ, ಬೇರೆ ಯಾವುದಾದ್ರೂ..."

"ಪುಷ್ ಮಾಡಮ್ಮಾ." ಅವನು ನಕ್ಕ. "ನಿನ್ ಪ್ರಶ್ನೆಗಳಿಗೆ ಉತ್ತರ ಕೊಡೋಕೇ ನಂಗೆ ಸಂಬಳ ಕೊಡ್ತಾರೆ ಅಂದ್ಕೊಂಡಿದೀಯಾ?"

ಓರ್ಲಾ ಆ ಕಡೆಯಿಂದ ನೋಡಿ ತಾನೂ ನಕ್ಕಳು. ಶ್ರೀಲಕ್ಷ್ಮಿಯ ಕಿವಿ ಬಿಸಿಯಾಯಿತು. ಇನ್ನೊಂದು ಮಾತು ಕೇಳಿಸಿಕೊಳ್ಳುವ ತ್ರಾಣವಿರಲಿಲ್ಲ. ಪುಷ್ ಮಾಡಿದಳು. ಒಂದು ತಕರಾರೂ ಇಲ್ಲದೆ ಕೋಡು ಹೋಯಿತು.

ಅದು ಹೋದದ್ದು ಹಲ್ಲಿನ ಕ್ಲಿನಿಕ್ಕಿನ ರೆಪೊಗೆ. ಕಾಪಿ ಮಾಡಿದ ಫೋಲ್ಡರಿನ ಜೊತೆ ಅದರ ಹಳೆಯ ಒರಿಜಿನ್ ಕೂಡ ಬಂದಿತ್ತು. ಅವಳ ಕೆಲಸವೆಲ್ಲ ಆ ಹಳೆಯ ಕೋಡಿನ ಮೇಲೇ ಬೆಳೆದದ್ದರಿಂದ, ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಅದನ್ನು ಮುಂದಿನ ಬದಲಾವಣೆ ಎಂದೇ ಒಪ್ಪಿಕೊಂಡಿತು. ಮುಖ್ಯ ಶಾಖೆಗೆ ನೇರವಾಗಿ ಯಾರೂ ಪುಷ್ ಮಾಡದಂತೆ ಬೀಗ ಇರಬೇಕಿತ್ತು. ತನಗೆ ಅಡ್ಡಿ ಎಂದು ಮಯೂರ್ ಅದನ್ನು ಯಾವಾಗಲೋ ತೆಗೆದಿದ್ದ. ಅಲ್ಲಿಗೆ ಕೋಡು ಬಂದೊಡನೆ ವೆಬ್‌ಸೈಟ್ ತಾನಾಗಿ ಬದಲಾಗುವ ವ್ಯವಸ್ಥೆಯೂ ಇತ್ತು.

ಬ್ಯಾಲಿನ್‌ಕೊಲಿಗ್‌ನ ಹಲ್ಲಿನ ಕ್ಲಿನಿಕ್ಕಿನಿಂದ ಫೋನು ಬಂತು. ಹಲ್ಲುನೋವಿನವರು ಸೈಟ್ ತೆರೆದರೆ ನಿಮ್ಮ ಪ್ರಾಣಿಯ ಹೆಸರೇನು, ಅದು ಕಚ್ಚುತ್ತದೆಯೇ ಎಂದು ಕೇಳುತ್ತಿದೆಯಂತೆ. ಒಸಡು ಊದಿಕೊಂಡಿದ್ದ ಒಬ್ಬ ಮುದುಕಿ ದಾರಿಯಲ್ಲಿ ಸೈಟ್ ತೆರೆದು ನೋಡಿ, ಕ್ಲಿನಿಕ್ ಮುಚ್ಚಿಹೋಗಿದೆ ಎಂದುಕೊಂಡು ಅರ್ಧ ದಾರಿಯಿಂದ ಮನೆಗೆ ವಾಪಸಾಗಿದ್ದಳಂತೆ.

ಓರ್ಲಾ ಎದ್ದು ನಿಂತಳು. "ಯಾರು ಪುಷ್ ಮಾಡಿದ್ದು?"

"ನಾನು," ಎಂದಳು ಶ್ರೀಲಕ್ಷ್ಮಿ. "ಎರರ್ ಬಂತು. ಮಯೂರ್‌ನ ಕೇಳಿದೆ. ಪುಷ್ ಮಾಡು ಅಂದ್ರು."

ಮಯೂರ್ ನಿಧಾನವಾಗಿ ಫೋನು ಕೆಳಗಿಟ್ಟ. ನೊಂದವನಂತೆ ಇಂಗ್ಲಿಷಿನಲ್ಲಿ ಹೇಳಿದ, "ನಾನು ಹೇಳಿದ್ದು, ಒರಿಜಿನ್ ಎಲ್ಲಿಗೆ ತೋರಿಸುತ್ತಿದೆ ಎಂದು ಮೊದಲು ನೋಡು ಅಂತ. ನೀನೂ ಇಲ್ಲೇ ಇದ್ದೆಯಲ್ಲ ಓರ್ಲಾ. ನಾನೇನು ದನಿ ಏರಿಸಿದೆನೇ?"

ಓರ್ಲಾಗೆ ಅವನ ಮಾತು ಕೇಳಿಸಿತ್ತು, ನಗುವೂ ಕಂಡಿತ್ತು. ಅರ್ಥವಾಗಿರಲಿಲ್ಲ, ಅಷ್ಟೆ. "ಇಲ್ಲ," ಎಂದಳು. "ನೀನು ತುಂಬಾ ಮೃದುವಾಗೇ ಹೇಳಿದೆ."

ಶ್ರೀಲಕ್ಷ್ಮಿ ಕೇಳಿದ ಪ್ರಶ್ನೆಯೇ ಅವನ ಬಾಯಲ್ಲಿ ಅವನ ಬುದ್ಧಿಮಾತಾಗಿ ಹೊರಬಂದಿತ್ತು. ಜಗಳಕ್ಕೆ ಹೊತ್ತಿರಲಿಲ್ಲ. ಸೈಟ್ ಇನ್ನೂ ನಾಯಿಬೆಕ್ಕು ತೋರಿಸುತ್ತಿತ್ತು. ಮಯೂರ್ ಕೈಕಟ್ಟಿ ಅವಳ ಬೆನ್ನ ಹಿಂದೆ ಬಂದು ನಿಂತ.

"ಮಾಡು, ನೋಡೋಣ," ಎಂದ ಕನ್ನಡದಲ್ಲಿ. "ನಿಧಾನಕ್ಕೆ ಒತ್ತು. ಕೀಬೋರ್ಡ್ ಮುರಿದುಹಾಕ್ಬಿಟ್ಟೀಯ."

ಅವಳು ಹಲ್ಲಿನ ಕ್ಲಿನಿಕ್ಕಿನ ರೆಪೊವನ್ನು ಬೇರೊಂದು ಫೋಲ್ಡರಿಗೆ ಹೊಸದಾಗಿ ಇಳಿಸಿಕೊಂಡಳು. ಅಲ್ಲಿ ತನ್ನ ಕಮಿಟ್‌ಗಳನ್ನು ಕೊನೆಯದರಿಂದ ಹಿಂದಕ್ಕೆ ಒಂದೊಂದಾಗಿ ರಿವರ್ಟ್ ಮಾಡಿ, ಅಂದರೆ ರದ್ದುಗೊಳಿಸಿ, ಪುಷ್ ಮಾಡಿದಳು. ಸ್ವಲ್ಪ ಹೊತ್ತಿನಲ್ಲಿ ಸೈಟಿಗೆ ಹಲ್ಲುಗಳು ಮರಳಿದವು. ಆಮೇಲೆ ತನ್ನ ಫೋಲ್ಡರಿಗೆ ಬಂದು git remote -v ಎಂದು ಕೇಳಿದಳು. ಬ್ಯಾಲಿನ್‌ಕೊಲಿಗ್‌ನ ವಿಳಾಸ ಎರಡು ಸಾಲಿನಲ್ಲಿ ಬಂತು, ತರುವುದಕ್ಕೊಂದು, ಕಳಿಸುವುದಕ್ಕೊಂದು. ಇಷ್ಟು ನೋಡಿದ್ದರೆ ಸಾಕಿತ್ತು. ಇದ್ದ ಹೆಸರನ್ನೇ ಉಳಿಸಿಕೊಂಡು ವಿಳಾಸ ಬದಲಿಸಲು git remote set-url origin ಎಂದು ಬರೆದು ಹೊಸ ವಿಳಾಸ ಕೊಟ್ಟಳು. ಮತ್ತೊಮ್ಮೆ ನೋಡಿದಳು. ಎರಡೂ ಸಾಲು ಪಶುಚಿಕಿತ್ಸಾಲಯದ್ದೇ. ಈಗ ಪುಷ್ ಮಾಡಿದಾಗ ಕೋಡು ಹೋಗಬೇಕಾದ ಕಡೆ ಹೋಯಿತು.

ಕ್ಲಿನಿಕ್ಕಿಗೆ ಫೋನು ಮಾಡಿ ಕ್ಷಮೆ ಕೇಳುವ ಕೆಲಸವೂ ಅವಳಿಗೇ ಬಂತು. ಸ್ಪೀಕರ್ ಹಾಕೆಂದು ಮಯೂರ್ ಸನ್ನೆ ಮಾಡಿದ. ಅವಳು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದನ್ನು ತಂಡವೆಲ್ಲ ಕೇಳಿತು.

ಮರುದಿನ ಓರ್ಲಾ ಇಬ್ಬರನ್ನೂ ಒಳಗೆ ಕರೆದಳು.

"ನಿನ್ನನ್ನು ಇಟ್ಟುಕೊಳ್ಳುವುದು ಕಷ್ಟ ಅಂತಲೇ ನಾನಿದ್ದೆ," ಎಂದಳು ಶ್ರೀಲಕ್ಷ್ಮಿಗೆ. "ಮಯೂರ್ ನಿನ್ನ ಪರ ಮಾತಾಡಿದ. ಪ್ರೊಬೇಷನ್ ಮುಂದುವರಿಸುತ್ತೇವೆ. ಇನ್ನು ಮೇಲೆ ನಿನ್ನ ಪ್ರತಿ ಬದಲಾವಣೆಯನ್ನೂ ಅವನು ನೋಡಿ ಒಪ್ಪಬೇಕು."

ಹೇಳಿ ಒಮ್ಮೆ ಮಯೂರ್ ಕಡೆ, ಒಮ್ಮೆ ಅವಳ ಕಡೆ ನೋಡಿದಳು, ಏನನ್ನೋ ನಿರೀಕ್ಷಿಸುವಂತೆ. ಅದೇನೆಂದು ಶ್ರೀಲಕ್ಷ್ಮಿಗೆ ತಿಳಿಯಿತು. ಭಾಸ್ಕರನ ಮುಖ, ಮಾನ್ಯಾಳ ಶಾಲೆ ಕಣ್ಣ ಮುಂದೆ ಬಂದವು.

"ಥ್ಯಾಂಕ್ಯೂ ಮಯೂರ್," ಎಂದಳು.

"ನೀನು ಇರ್ಬೇಕಮ್ಮಾ," ಎಂದ ಅವನು ಕನ್ನಡದಲ್ಲಿ, ಅದೇ ಮುಗುಳ್ನಗೆಯಿಂದ. "ನೀನು ಹೋದ್ರೆ ಮುಂದಿನ ತಪ್ಪು ಯಾರ ತಲೆಗೆ ಕಟ್ಲಿ?"

"ಏನಂದ?" ಎಂದು ಓರ್ಲಾ ಕುತೂಹಲದಿಂದ ಕೇಳಿದಳು.

ಶ್ರೀಲಕ್ಷ್ಮಿ ಅವಳ ಕಣ್ಣನ್ನೇ ನೋಡುತ್ತ, ಒಂದು ಪದವೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

ಓರ್ಲಾ ಮಯೂರ್ ಕಡೆ ನೋಡಿದಳು. ಅವನು ಹುಬ್ಬೇರಿಸಿ ಎರಡೂ ಕೈ ಮೇಲೆತ್ತಿದ. ಓರ್ಲಾ ಜೋರಾಗಿ ನಕ್ಕಳು.

"ತಮಾಷೆ ಮಾಡ್ತಿದ್ದಾನೆ ಕಣೇ. ಇಲ್ಲಿ ನಾವು ಇಷ್ಟವಾದವರನ್ನೇ ಹೀಗೆ ಕಾಡಿಸೋದು. ಅಷ್ಟೊಂದು ಮನಸ್ಸಿಗೆ ಹಚ್ಚಿಕೋಬೇಡ."

ಶ್ರೀಲಕ್ಷ್ಮಿ ಎದ್ದು ತನ್ನ ಮೇಜಿಗೆ ಹೋದಳು. ಪಶುಚಿಕಿತ್ಸಾಲಯದ ಸೈಟಿನಲ್ಲಿ ಫೋನ್ ನಂಬರಿನ ಒಂದು ಅಂಕಿ ತಪ್ಪಿತ್ತು. ತಿದ್ದಿ ಮಯೂರ್‌ನ ಒಪ್ಪಿಗೆಗೆ ಕಳಿಸಿದಳು. ಅವನು ಅದನ್ನು ತೆರೆದು ನೋಡಿದ್ದು ಅವಳಿಗೆ ಕಾಣಿಸಿತು. ನೋಡಿ, ಜಾಕೆಟ್ ಹಾಕಿಕೊಂಡು, ಓರ್ಲಾ ಜೊತೆ ಊಟಕ್ಕೆ ಹೋದ. ಪಶುಚಿಕಿತ್ಸಾಲಯದವರು ಆ ತಪ್ಪು ನಂಬರ್ ತಿದ್ದಿ ಎಂದು ಅವಳಿಗೆ ಮತ್ತೆ ಮತ್ತೆ ಮೇಲ್ ಬರೆಯುತ್ತಲೇ ಇದ್ದರು. ಅವನು ವಾರವಿಡೀ ಅದನ್ನು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ.