ಭಾಷಣದ ಕೊನೆಯ ವಾಕ್ಯ

ಮಿರ್ಚಿಯನ್ನು ಭಾಷಣಕ್ಕೆ ಮುಂಚೆ ಕೊಡಬೇಕೋ ಆಮೇಲೆ ಕೊಡಬೇಕೋ ಎಂಬುದು ಅರವತ್ತನಾಲ್ಕರ ಆ ವಾರ ದಾವಣಗೆರೆಯ ಒಂದು ಹತ್ತಿಗಿರಣಿಯ ಮುಂದಿದ್ದ ಪರಮ ಗಂಭೀರ ಪ್ರಶ್ನೆ. ಮುಂಚೆ ಕೊಟ್ಟರೆ ತಿಂದವರು ಎದ್ದು ಹೋಗುತ್ತಾರೆ. ಆಮೇಲೆ ಕೊಟ್ಟರೆ ಮಿರ್ಚಿ ಆರಿಹೋಗುತ್ತದೆ. ಬೀಳ್ಕೊಡುಗೆ ಸಮಿತಿಯವರು ಎರಡು ಸಲ ಕೂತು ಚರ್ಚಿಸಿ, ಭಾಷಣದಲ್ಲಿ ವಂದನೆಯ ಭಾಗ ಶುರುವಾದ ಕೂಡಲೇ ಮಂಡಕ್ಕಿ, ಮಿರ್ಚಿ ಒಳಗೆ ಬರತಕ್ಕದ್ದು ಎಂದು ತೀರ್ಮಾನಿಸಿದರು.

ನಿವೃತ್ತನಾಗುತ್ತಿದ್ದವನು ಕಲ್ಲೇಶಪ್ಪ, ಹರಿಹರದ ಹೊಳೆದಂಡೆಯಲ್ಲಿ ಗಿರಣಿಗೆ ನೀರೆತ್ತುವ ಪಂಪ್‌ಹೌಸಿನ ಹಿರಿಯ ಫಿಟ್ಟರ್. ಭಾಷಣ ಬರೆಯುವವನು ಹೆಡ್ ಕ್ಲಾರ್ಕ್ ರೇವಣ್ಣ. ರೇವಣ್ಣನ ಭಾಷಣದಲ್ಲಿ ಎಲ್ಲ ನಿವೃತ್ತರೂ ಸಮಯಪಾಲಕರು, ಮಿತಭಾಷಿಗಳು. ಆಮೇಲೆ ಅವರು ಮಾಡಿದ ಒಂದು ದೊಡ್ಡ ಕೆಲಸದ ನೆನಪು, ಕೊನೆಗೆ ಆ ಕೆಲಸದಲ್ಲಿ ಕೈಜೋಡಿಸಿದವರಿಗೆಲ್ಲ ವಂದನೆ.

ದೊಡ್ಡ ಕೆಲಸ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಹತ್ತು ವರ್ಷದ ಹಿಂದೆ ಹರಿಹರದಿಂದ ದಾವಣಗೆರೆಗೆ ಬೀಡುಕಬ್ಬಿಣದ ಪೈಪು ಹಾಕಿದ್ದು. ಆ ಕೆಲಸದಲ್ಲೇ ಕಲ್ಲೇಶಪ್ಪನ ಜೊತೆಗಾರ ಮಾರಪ್ಪ ಸತ್ತಿದ್ದ. ಕುಡಿದು ಬಂದು ಸತ್ತ ಎಂದು ಆಫೀಸು ಹೇಳಿತ್ತು.

ಕಲ್ಲೇಶಪ್ಪ ಕ್ಲಾರ್ಕನ ಮೇಜಿನ ಮುಂದೆ ಬಂದು ನಿಂತ. "ರೇವಣ್ಣಾರ, ಒಂದೇ ವಾಕ್ಯ ಸೇರಸ್ರಿ. ಮಾರಪ್ಪಂದು ತಪ್ಪಿರಲಿಲ್ಲ ಅಂತ."

"ನೀನೇ ಊರಿಗೆಲ್ಲ ಹೇಳ್ಕೊಂಡು ಬಂದಿಯಲ್ಲೋ."

"ನಾ ಹೇಳಿದ್ರೆ ಅವನ ಹೆಂಡ್ತಿ ಸುಂಕಲಮ್ಮ ನಂಬಲ್ರಿ. ಗಂಡನ ಗೆಳೆಯ ಇನ್ನೇನ್ ಹೇಳ್ತಾನೆ, ಆಫೀಸ್ನೋರು ಹೇಳ್ಲಿ ಅಂತಾಳೆ. ಬಾತಿ ಹಳ್ಳಿಯಿಂದ ಅಕಿನ್ನ ಕರ್ಸೀನಿ."

ರೇವಣ್ಣ ಕೆಟ್ಟವನಲ್ಲ. ಬರೆದುಕೊಂಡ. "ಆದ್ರೆ ಕೊನೇಗೆ."

"ಮೊದ್ಲು ಹಾಕ್ರಿ."

"ಚೀಫ್ ಎಂಜಿನಿಯರ್ ಸಾಹೇಬರ ಹೆಸರಿಗಿಂತ ಮೊದ್ಲು ಮಾರಪ್ಪಂದು ಬಂದ್ರೆ, ಅದೇ ಹಾರದಾಗ ನನಗೂ ಬೀಳ್ಕೊಡುಗೆ ಮುಗಿಸ್ತಾರಪ್ಪಾ!"

ಕ್ಯಾಂಟೀನಿನಲ್ಲಿ ಸಭೆ. ಚೀಫ್ ಎಂಜಿನಿಯರ್ ಸಾಹೇಬರು ನಡುವೆ, ಹಾರ ಹಾಕಿಕೊಂಡ ಕಲ್ಲೇಶಪ್ಪ ಪಕ್ಕದಲ್ಲಿ. ಬಾಗಿಲ ಹತ್ತಿರ ಸುಂಕಲಮ್ಮ, ಸೆರಗನ್ನು ಎರಡು ಕೈಯಲ್ಲೂ ಹಿಡಿದು.

ರೇವಣ್ಣ ಓದತೊಡಗಿದ. ಒಂದು ಪೈಪಿನ ತುದಿಯನ್ನು ಇನ್ನೊಂದರ ಅಗಲ ಬಾಯೊಳಗೆ ಕೂರಿಸಿ, ಸುತ್ತಲಿನ ಸಂದಿಗೆ ಸೆಣಬಿನ ಹುರಿ ಗಿಡಿದು, ಬಾಯಿಗೆ ಜೇಡಿಮಣ್ಣಿನ ಬಳೆ ಮೆತ್ತಿ, ಮೇಲೆ ಬಿಟ್ಟ ಕಿಂಡಿಯಿಂದ ಕಾದ ಸೀಸವನ್ನು ಒಂದೇ ಧಾರೆಯಲ್ಲಿ ಹೊಯ್ದು, ಆರಿದ ಮೇಲೆ ಉಳಿಯಿಟ್ಟು ಬಡಿದು ಬಿಗಿ ಮಾಡುವ ಕೆಲಸ. ಅಂಥ ಕೀಲುಗಳು ಸಾವಿರಾರು. ಭಾಷಣ ಇಷ್ಟು ಸೊಗಸಾಗಿ ಕೇಳಿಸಿದ್ದು ಅಪರೂಪ, ಏಕೆಂದರೆ ಆ ಭಾಗವನ್ನು ಹೇಳಿ ಬರೆಸಿದವನು ಕಲ್ಲೇಶಪ್ಪ.

ಮುಂದಿನದನ್ನು ಭಾಷಣ ಹೇಳಲಿಲ್ಲ. ಬಾತಿಯ ಹತ್ತಿರ ಒಂದು ಕೀಲು ಸೋರಿತ್ತು. ಹಳೆ ಸೀಸ ಕೆತ್ತಿ ತೆಗೆದು ಹೊಸದು ಹೊಯ್ಯಬೇಕು. ಅದಕ್ಕೆ ಪೈಪಿನ ನೀರೆಲ್ಲ ಬಸಿದು ಕೀಲು ಒಣಗಬೇಕು, ಹಸಿಯ ಮೇಲೆ ಸೀಸ ಬಿದ್ದರೆ ನೀರು ಆವಿಯಾಗಿ ಸಿಡಿಯುತ್ತದೆ. ಮರುದಿನ ಉದ್ಘಾಟನೆ. "ಇನ್ನೂ ಹಸಿ ಐತ್ರಿ, ಬ್ಯಾಡ್ರಿ" ಎಂದಿದ್ದ ಮಾರಪ್ಪ. "ಹೊಯ್ಯೋ" ಎಂದಿದ್ದರು ಸಾಹೇಬರು. ಸೀಸ ಮಾರಪ್ಪನ ಮುಖಕ್ಕೆ ಹಾರಿತು. ಕೀಲಿನ ಆಚೆ ಬದಿಗೆ ಮಣ್ಣಿನ ಬಳೆ ಒತ್ತಿ ಹಿಡಿದು ಕೂತಿದ್ದವನು ಕಲ್ಲೇಶಪ್ಪ.

"ಈ ಮಹತ್ಕಾರ್ಯಕ್ಕೆ ಮಾರ್ಗದರ್ಶನವಿತ್ತ ಚೀಫ್ ಎಂಜಿನಿಯರ್ ಸಾಹೇಬರಿಗೆ ಅನಂತ ವಂದನೆಗಳು" ಎಂದ ರೇವಣ್ಣ.

ವಂದನೆ ಶುರುವಾಗಿತ್ತು. ತೀರ್ಮಾನದ ಪ್ರಕಾರ ಮಿರ್ಚಿ ಒಳಗೆ ಬಂತು.

ಓವರ್‌ಸಿಯರ್‌ಗೆ ವಂದನೆ ಸಲ್ಲುವಾಗ ಬೆಂಚುಗಳು ಸರಿದವು. ಕಂಟ್ರಾಕ್ಟರರ ಹೆಸರು ಬಂದಾಗ "ಏ, ಈ ಕಡಿ ಎರಡು ತಾರಲೇ" ಎಂಬ ಕೂಗು ಎದ್ದಿತು. ಕಲ್ಲೇಶಪ್ಪ ತಟ್ಟೆ ಮುಟ್ಟದೆ ರೇವಣ್ಣನ ತುಟಿಯನ್ನೇ ನೋಡುತ್ತಿದ್ದ. ಸುಂಕಲಮ್ಮನ ಕೈಗೂ ಒಂದು ಪೊಟ್ಟಣ ಬಂತು. ಅವಳು ಅದನ್ನು ಬಿಚ್ಚಲಿಲ್ಲ.

"ಕೊನೆಯದಾಗಿ..." ಎಂದ ರೇವಣ್ಣ.

"ಸಾಕ್ರೀ ರೇವಣ್ಣ, ಮಿರ್ಚಿ ಆರ್ತಾವೆ" ಎಂದರು ಸಾಹೇಬರು, ನಗುತ್ತಾ. "ಉಳಿದಿದ್ದೆಲ್ಲ ಓದಿದಂಗೆ ತಿಳ್ಕೊಳ್ಳೋಣ."

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ರೇವಣ್ಣ ಕಲ್ಲೇಶಪ್ಪನ ಕಡೆ ಒಮ್ಮೆ ನೋಡಿ, ಹಾಳೆ ಮಡಚಿ ಕೂತ.

ಇನ್ನು ಸನ್ಮಾನಿತರ ಎರಡು ಮಾತು. ಕಲ್ಲೇಶಪ್ಪ ಎದ್ದ. ಸಾಹೇಬರನ್ನು ನೋಡಿದ, ಬಾಗಿಲ ಕಡೆ ನೋಡಿದ. "ಮಾ..." ಎಂದ. ಗಂಟಲು ಕಟ್ಟಿತು. ಇನ್ನೊಮ್ಮೆ ಬಾಯಿ ತೆರೆದ, ಅಷ್ಟೂ ಬರಲಿಲ್ಲ.

ಬೀಳ್ಕೊಡುಗೆಯಲ್ಲಿ ಸನ್ಮಾನಿತರ ಗಂಟಲು ಕಟ್ಟುವುದು ವಾಡಿಕೆ, ಕಟ್ಟದಿದ್ದರೇ ಜನಕ್ಕೆ ಬೇಸರ. ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಆಗ ಬಿತ್ತು. "ಪಾಪ, ಗಿರಣಿ ಮ್ಯಾಲೆ ಏನ್ ಪ್ರೀತಿ ನೋಡ್ರಿ" ಎಂದು ಯಾರೋ ಅಂದರು. ಸಾಹೇಬರು ಅವನ ಬೆನ್ನು ತಟ್ಟಿ ಕೂರಿಸಿದರು.

ಹೊರಗೆ ಸುಂಕಲಮ್ಮ ಕಾಯುತ್ತಿದ್ದಳು. "ಹೇಳಿದ್ರೇನಣ್ಣಾ? ಗದ್ದಲದಾಗ ನನಗೆ ಕೇಳಿಸ್ಲಿಲ್ಲ."

ಕಲ್ಲೇಶಪ್ಪ ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇಲ್ಲವ್ವ."

"ಹಂಗಾದ್ರೆ ಕುಡಿದಿದ್ದೇ ಖರೆ" ಎಂದಳು ಅವಳು, ಮೆಲ್ಲಗೆ.

ಅವಳು ಬಾತಿಯ ಬಸ್ಸು ಹತ್ತಿದಳು. ಮಿರ್ಚಿ ಬಿಸಿ ಇತ್ತೆಂದು ಸಮಿತಿಯವರಿಗೆ ಎಲ್ಲರೂ ಹೇಳಿದರು.