ಮುಂದಿನ ಅಂಕಿಯ ಪಾರ್ಸೆಲ್

ಪ್ರಫುಲ್ಲಾಳಿಗೆ ಅನುಮಾನ ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ತರಕಾರಿಯವನು ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಹಾಕಿಕೊಟ್ಟರೂ, ಇವನಿಗೆ ಇದರಲ್ಲಿ ಎಂತ ಲಾಭ ಎಂದು ಚೀಲ ತಿರುವಿ ನೋಡುವ ಹೆಂಗಸು ಅವಳು. ಉಡುಪಿ ಹತ್ತಿರದ ಕಾಪುವಿನಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಹಲಸಿನ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ ಪ್ಯಾಕ್ ಮಾಡಿ, ಮುಂಬೈ, ಪುಣೆಯಲ್ಲಿ ನೆಲೆಸಿದ ಊರಿನವರಿಗೆ ಆನ್‌ಲೈನ್ ಅಂಗಡಿಯಲ್ಲಿ ಮಾರುತ್ತಿದ್ದಳು. ಗಿರಾಕಿಗಳು ಅವಳನ್ನು ನಂಬುತ್ತಿದ್ದರು. ಅವಳು ಯಾರನ್ನೂ ನಂಬುತ್ತಿರಲಿಲ್ಲ. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು.

ಅಂಗಡಿಯ ವೆಬ್‌ಸೈಟ್ ಮಾಡಿಕೊಟ್ಟವನು ಮಣಿಪಾಲದ ಕೀರ್ತನ್. ಮೊದಲು ಎಲ್ಲ ಊರಿಗೂ ಒಂದೇ ಸಾಗಣೆ ದರ ಇತ್ತು. ಉಡುಪಿಯವರು ಹೆಚ್ಚಾಯಿತೆಂದು ಗೊಣಗುತ್ತಿದ್ದರು, ದೆಹಲಿಯವರು ತುಟಿಪಿಟಕ್ಕೆನ್ನದೆ ತರಿಸಿಕೊಳ್ಳುತ್ತಿದ್ದರು. ಕೀರ್ತನ್ ಅದನ್ನು ತೆಗೆದು, ಹಣ ಕಟ್ಟುವ ಪುಟವನ್ನೇ ಕೊರಿಯರ್‌ನವರ ವ್ಯವಸ್ಥೆಗೆ ಜೋಡಿಸಿದ. ಗಿರಾಕಿ ಪಿನ್‌ಕೋಡ್ ಹಾಕಿದ ಕೂಡಲೇ ಅಂಗಡಿಯ ಪ್ರೋಗ್ರಾಮು ಆ ಪಿನ್‌ಕೋಡನ್ನು, ಕಾಪುವಿನ ಪಿನ್‌ಕೋಡನ್ನು, ಪೊಟ್ಟಣದ ತೂಕವನ್ನು ಅವರಿಗೆ ಕಳಿಸುತ್ತಿತ್ತು. ಯಾರು ಎಷ್ಟಕ್ಕೆ, ಎಷ್ಟು ದಿನದಲ್ಲಿ ತಲುಪಿಸುತ್ತಾರೆಂಬ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಪುಟದ ಮೇಲೆ ಬರುತ್ತಿತ್ತು.

ಈ ವ್ಯವಸ್ಥೆ ಬಂದ ಮೊದಲ ತಿಂಗಳೇ ಜಗಳ. ಗಿರಾಕಿ ಕಟ್ಟಿದ ದರ ಒಂದು, ಕೊರಿಯರ್‌ನವರು ಪ್ರಫುಲ್ಲಾಳಿಗೆ ಹಾಕಿದ ಬಿಲ್ಲು ಇನ್ನೊಂದು. ನಡುವೆ ಕೀರ್ತನ್ ಕಮಿಷನ್ ಹೊಡೆಯುತ್ತಿದ್ದಾನೆ ಎಂದು ಅವಳು ಆ ಕ್ಷಣವೇ ತೀರ್ಮಾನಿಸಿದಳು.

"ಅಕ್ಕ, ಹಪ್ಪಳ ಹಗುರ, ಆದರೆ ಡಬ್ಬ ದೊಡ್ಡದಲ್ವಾ?" ಎಂದ ಕೀರ್ತನ್. "ಡಬ್ಬ ಜಾಗ ಹಿಡಿಯುವುದಕ್ಕೂ ಅವರು ಲೆಕ್ಕ ಹಾಕ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿ ಒಂದು ತೂಕ ಮಾಡ್ತಾರೆ. ಆ ತೂಕ ಹೆಚ್ಚಿದ್ದರೆ ದರ ಅದಕ್ಕೇ. ನೀವು ನನಗೆ ತಕ್ಕಡಿಯ ತೂಕ ಮಾತ್ರ ಕೊಟ್ಟಿದ್ದೀರಿ."

ಡಬ್ಬಗಳ ಅಳತೆ ಸೇರಿಸಿದ ಮೇಲೆ ಬಿಲ್ಲು ತಾಳೆಯಾಯಿತು. ಪ್ರಫುಲ್ಲಾ ಕ್ಷಮೆ ಕೇಳಲಿಲ್ಲ, ಎರಡು ಕಟ್ಟು ಹಪ್ಪಳ ಕೊಟ್ಟು ಕಳಿಸಿದಳು.

ಆಮೇಲೆ ಪಾರ್ಸೆಲ್ ಎಲ್ಲಿದೆ ಎಂದು ನೋಡುವ ಲಿಂಕ್ ಬಂತು. ಗಿರಾಕಿಯನ್ನು ಕೊರಿಯರ್ ಕಂಪನಿಯ ಪುಟಕ್ಕೆ ಕಳಿಸಲು ಪ್ರಫುಲ್ಲಾ ಒಪ್ಪಲಿಲ್ಲ. ಅಲ್ಲಿಗೆ ಹೋದವರು ನಮ್ಮಂಗಡಿಗೆ ಯಾಕೆ ವಾಪಸ್ ಬರುತ್ತಾರೆ ಎಂಬುದು ಅವಳ ವಾದ. ಹಾಗಾಗಿ ಕೀರ್ತನ್ ಅಂಗಡಿಯದೇ ಒಂದು ಪುಟ ಮಾಡಿದ. ಪಾರ್ಸೆಲ್ ಬುಕ್ ಆಗಿ ಕೊರಿಯರ್‌ನವರ ನಂಬರ್ ಸಿಕ್ಕಿದ ಕೂಡಲೇ ಗಿರಾಕಿಯ ಮೊಬೈಲಿಗೆ ಲಿಂಕ್ ಹೋಗುತ್ತಿತ್ತು. ತೆರೆದರೆ ಹೆಸರು, ವಿಳಾಸ, ಫೋನ್ ನಂಬರ್, ಏನೇನು ತರಿಸಿದ್ದಾರೆ, ಪಾರ್ಸೆಲ್ ಯಾವ ಊರು ಮುಟ್ಟಿದೆ, ಎಲ್ಲ ಕಾಣುತ್ತಿತ್ತು. ಲಿಂಕ್ ಚಿಕ್ಕದಿರಲಿ, ಫೋನಿನಲ್ಲಿ ಓದಿ ಹೇಳುವ ಹಾಗಿರಲಿ ಎಂದು ಹೇಳಿದವಳೂ ಇವಳೇ. ಅವನು ಕೊನೆಯಲ್ಲಿ ಆರ್ಡರ್ ನಂಬರನ್ನಷ್ಟೇ ಇಟ್ಟ.

ಒಂದೆರಡು ತಿಂಗಳು ಸುಖ. ಆಮೇಲೆ ಗಿರಾಕಿಗಳು ಫೋನ್ ಮಾಡತೊಡಗಿದರು.

"ನಿಮ್ಮ ಊರ ಕಡೆಯಿಂದಲೇ ಯಾರೋ ಫೋನ್ ಮಾಡಿದರಲ್ಲ? ಎರಡು ಕಿಲೋ ಹಪ್ಪಳ ತರಿಸಿದ್ದೀರಲ್ಲ, ಮುಂದಿನ ಸಲ ಕಾರ್ಕಳದ ನಮ್ಮ ಅಂಗಡಿಯಿಂದ ತೆಗೆದುಕೊಳ್ಳಿ, ಕಡಿಮೆಗೆ ಕೊಡ್ತೇವೆ ಎಂದರು. ನನ್ನ ನಂಬರ್ ಅವರಿಗೆ ಹೇಗೆ ಸಿಕ್ಕಿತು?"

ಗಿರಾಕಿಗಳು ಒಬ್ಬೊಬ್ಬರಾಗಿ ಜಾರುತ್ತಿದ್ದರು. ಪ್ರಫುಲ್ಲಾ ಕೆಲವರಿಗೆ ತಾನೇ ಫೋನ್ ಮಾಡಿ ವಿಚಾರಿಸಿ, ಕುಳಿತು ಯೋಚಿಸಿದಳು. ಆರ್ಡರ್ ಮಾಡಿ ಕೂಡಲೇ ರದ್ದು ಮಾಡಿದವರಿಗೆ ಈ ಫೋನ್ ಬಂದಿರಲಿಲ್ಲ. ಯಾರ ಡಬ್ಬಕ್ಕೆ ಹೆಸರು, ನಂಬರಿನ ಲೇಬಲ್ ಅಂಟಿತ್ತೋ ಅವರಿಗೆ ಮಾತ್ರ ಬಂದಿತ್ತು. ಲೇಬಲ್ ಅಂಟಿಸುವವಳು ಯಾರು? ಸವಿತಾ.

ಸವಿತಾ ರಾಯಚೂರು ಕಡೆಯವಳು. ಗಂಡ ಮಲ್ಲಿನಾಥ ಕಟ್ಟಡ ಕೆಲಸಕ್ಕೆ ಬಂದವನು, ಇಬ್ಬರೂ ಕಟಪಾಡಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದರು. ಪ್ಯಾಕಿಂಗ್‌ನಲ್ಲಿ ಅವಳ ಕೈ ಚುರುಕು, ಒಂದು ಹಪ್ಪಳವೂ ಒಡೆಯುತ್ತಿರಲಿಲ್ಲ. ಈಗ ಪ್ರಫುಲ್ಲಾಳಿಗೆ ಆ ಚುರುಕುತನದಲ್ಲೇ ಏನೋ ಇದ್ದಂತೆ ಕಂಡಿತು. ಅವಳು ಫೋನ್ ತೆಗೆದರೆ ಇವಳ ಕಣ್ಣು ಅಲ್ಲಿಗೆ. ಅವಳು ನಕ್ಕರೆ, ಯಾಕೆ ನಕ್ಕಳು? ನಗದಿದ್ದರೆ, ಎಂತ ಮುಚ್ಚಿಡುತ್ತಿದ್ದಾಳೆ?

ಒಂದು ಮಧ್ಯಾಹ್ನ ಸವಿತಾ ಕೈ ತೊಳೆಯಲು ಹೋದಾಗ ಅವಳ ಫೋನ್ ಬೆಂಚಿನ ಮೇಲೆ ತೆರೆದೇ ಇತ್ತು. ಪ್ರಫುಲ್ಲಾ ಬಗ್ಗಿದಳು. ಡಬ್ಬಗಳ ರಾಶಿಯ ಫೋಟೋ, ಲೇಬಲ್ ಮೇಲಿನ ಹೆಸರು ಸಮೇತ.

"ಇದೆಂತ?"

"ಕೊರಿಯರ್‌ನವ್ರು ಕೇಳ್ತಾರ್ರಿ ಅಕ್ಕಾರ. ಎಷ್ಟ್ ಡಬ್ಬಿ ಅದಾವ, ದೊಡ್ಡ ಚೀಲ ತರಬೇಕೇನು ಅಂತ. ಅದಕ್ಕ ಫೋಟೋ ಕಳಸ್ತೀನ್ರಿ."

"ಕೊರಿಯರ್‌ನವರಿಗೆ ಮಾತ್ರವಾ? ಕಾರ್ಕಳಕ್ಕೂ ಉಂಟಾ?"

ಸವಿತಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾಗದ ಹಾಗೆ ನಟಿಸುತ್ತಿದ್ದಾಳೆ ಎಂದು ಪ್ರಫುಲ್ಲಾ ಅಂದುಕೊಂಡಳು. ಅರ್ಥವಾದಾಗ ಆ ಹುಡುಗಿಯ ಮುಖ ಕಪ್ಪಿಟ್ಟಿತು.

"ನಾ ಯಾರಿಗೂ ಏನೂ ಕೊಟ್ಟಿಲ್ರಿ ಅಕ್ಕಾರ. ಫೋನ್ ಪೂರಾ ನೋಡ್ರಿ ಬೇಕಾದ್ರ."

ಫೋನನ್ನು ಪೂರ್ತಿ ನೋಡುವ ತಾಳ್ಮೆ ಪ್ರಫುಲ್ಲಾಳಿಗೆ ಇರಲಿಲ್ಲ. ಅಂದೇ ಲೆಕ್ಕ ಚುಕ್ತಾ ಮಾಡಿ ಕಳಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಸಿಟ್ಟು ಹೊಟ್ಟೆಯೊಳಗೆ ಕುದಿಯುತ್ತಿತ್ತಲ್ಲ! ಸಣ್ಣ ಉದ್ದಿಮೆ ನಡೆಸುವ ಹೆಂಗಸರ ಒಂದು ವಾಟ್ಸಾಪ್ ಗುಂಪಿತ್ತು. ಉಡುಪಿಯಿಂದ ಕಾರ್ಕಳದವರೆಗಿನ ಬೇಕರಿ, ಟೈಲರಿಂಗ್, ಮಸಾಲೆ ಹುಡಿಯವರೆಲ್ಲ ಅದರಲ್ಲಿದ್ದರು. ಕಳೆದ ದೀಪಾವಳಿಯಲ್ಲಿ ತೆಗೆದ ಸವಿತಾಳ ಫೋಟೋವನ್ನು ಅದಕ್ಕೆ ಹಾಕಿ, "ಇವಳು ಗಿರಾಕಿಗಳ ನಂಬರ್ ಕದ್ದು ಮಾರುತ್ತಾಳೆ. ಕೆಲಸ ಕೇಳಿಕೊಂಡು ಬಂದರೆ ಹುಷಾರು" ಎಂದು ಬರೆದಳು. ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಪ್ರಫುಲ್ಲಾಳ ಹೊಟ್ಟೆ ತಣ್ಣಗಾಯಿತು.

ತಣ್ಣಗಿದ್ದದ್ದು ಸ್ವಲ್ಪವೇ ದಿನ. ಸವಿತಾ ಹೋದಮೇಲೂ ಕಾರ್ಕಳದ ಫೋನ್ ನಿಲ್ಲಲಿಲ್ಲ. ಲೇಬಲ್‌ಗಳನ್ನು ಈಗ ಪ್ರಫುಲ್ಲಾ ತಾನೇ ಅಂಟಿಸುತ್ತಿದ್ದಳು, ಬಾಗಿಲು ಹಾಕಿಕೊಂಡು. ಹಾಗಾದರೆ ಕೊರಿಯರ್‌ನವನೇ? ಅಥವಾ ಕೀರ್ತನ್? ಅವನೇ ಎಲ್ಲವನ್ನೂ ಜೋಡಿಸಿದವನು, ಬೀಗದ ಕೈ ಅವನಲ್ಲೇ ಉಂಟು. ರಾತ್ರಿ ಮಲಗಿದರೆ ಒಬ್ಬೊಬ್ಬರ ಮುಖ ಬಂದು ಹೋಗುತ್ತಿತ್ತು.

ಹೀಗಿರುವಾಗ ಉಮಾನಾಥರ ಫೋನ್ ಬಂತು. ಬ್ಯಾಂಕಿನಿಂದ ನಿವೃತ್ತರಾಗಿ ಮುಂಬೈಯಲ್ಲೇ ಉಳಿದ ಹಿರಿಯರು, ಅಂಗಡಿ ತೆರೆದಾಗಿನಿಂದಲೂ ಗಿರಾಕಿ.

"ನೋಡಮ್ಮ, ನನ್ನ ಉಪ್ಪಿನಕಾಯಿಯನ್ನು ಪುಣೆಯ ಚೈತಾಲಿಗೆ ಯಾಕೆ ಕಳಿಸಿದ್ದೀರಿ? ಯಾರು ಆ ಚೈತಾಲಿ?"

"ಯಾವ ಚೈತಾಲಿ ಸರ್? ಲಿಂಕ್ ಒತ್ತಿದಿರಾ?"

"ಒತ್ತುವುದು ಎಂತಕ್ಕೆ? ಮೊಬೈಲಿನಲ್ಲಿ ನನಗೆ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಲಿಂಕನ್ನು ನೋಡಿಕೊಂಡು ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಅವಳ ಮನೆ, ಮಾಳಿಗೆ, ಫೋನ್ ನಂಬರ್ ಎಲ್ಲ ಉಂಟು ಇಲ್ಲಿ. ಓದಲಾ?"

"ಬೇಡ ಸರ್. ನೀವು ಟೈಪ್ ಮಾಡಿದ್ದನ್ನು ಓದಿ."

ಅವರು ಓದಿದರು. ಕೊನೆಯ ಅಂಕಿ ಏಳು ಇರಬೇಕಾದಲ್ಲಿ ಎಂಟು. ಪ್ರಫುಲ್ಲಾ ತನ್ನ ಮೊಬೈಲಿನಲ್ಲಿ ಅದನ್ನೇ ಹಾಕಿದಳು. ಚೈತಾಲಿ ಬಂದಳು. ಎಂಟನ್ನು ಅಳಿಸಿ ಒಂಬತ್ತು ಹಾಕಿದಳು. ನಾಸಿಕದ ಓಸ್ವಾಲ್ಡ್ ಬಂದ, ವಿಳಾಸ ಸಮೇತ. ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ, ಯಾರು ನೀನು ಎಂದು ಕೇಳುವವರಿಲ್ಲ. ಉಮಾನಾಥರು ಆ ಕಡೆ ಹಲೋ, ಹಲೋ ಎನ್ನುತ್ತಲೇ ಇದ್ದರು.

ಸಿಕ್ಕಿದ ಬಸ್ ಹತ್ತಿ ಮಣಿಪಾಲಕ್ಕೆ ಹೋದಳು. ಕೀರ್ತನ್ ನೋಡಿ ನಾಲಗೆ ಕಚ್ಚಿಕೊಂಡ.

"ಲಿಂಕ್ ಸಿಕ್ಕಿದವನು ತನ್ನದನ್ನು ಮಾತ್ರ ನೋಡ್ತಾನೆ ಅಂತ ಅಂದ್ಕೊಂಡಿದ್ದೆ. ನಂಬರ್ ಬದಲಾಯಿಸ್ತಾನೆ ಅಂತ ಯೋಚಿಸಲೇ ಇಲ್ಲ ಅಕ್ಕ. ನನ್ನದೇ ತಪ್ಪು."

"ಚಿಕ್ಕದಾಗಿ ಮಾಡು ಎಂದದ್ದು ನಾನು."

"ಚಿಕ್ಕದು ಕೇಳಿದಿರಿ, ಬಾಗಿಲಿಲ್ಲದ್ದು ಕೇಳಿರಲಿಲ್ಲ."

ಸರ್ವರಿನಲ್ಲಿ ಯಾವ ಪುಟವನ್ನು ಯಾವ ಕಡೆಯಿಂದ ತೆರೆದಿದ್ದಾರೆಂದು ದಾಖಲಾಗಿರುತ್ತದೆ. ಅವನು ಅದನ್ನು ತೆಗೆದು ತೋರಿಸಿದ. ಒಂದೇ ಇಂಟರ್‌ನೆಟ್ ಸಂಪರ್ಕದಿಂದ, ಒಂದಾದ ಮೇಲೊಂದು ನಂಬರು, ಮೆಟ್ಟಿಲು ಹತ್ತಿದ ಹಾಗೆ. ಆ ಸಂಪರ್ಕ ಮೊಟ್ಟಮೊದಲು ತೆರೆದ ಪುಟ ಕಾರ್ಕಳದ ಮನೀಶ್ ಎಂಬವನ ಆರ್ಡರಿನದು. ಒಂದು ಕಟ್ಟು ಹಪ್ಪಳ ತರಿಸಿಕೊಂಡಿದ್ದ. ಅದರ ಜೊತೆ ಸಿಕ್ಕಿದ ಲಿಂಕನ್ನು ಹಿಡಿದುಕೊಂಡು ಪ್ರಫುಲ್ಲಾಳ ಅಂಗಡಿಯ ಗಿರಾಕಿಗಳನ್ನೆಲ್ಲ ಎಣಿಸಿದ್ದ. ಬುಕ್ ಆಗದ ಆರ್ಡರಿಗೆ ಪುಟವೇ ಇರುತ್ತಿರಲಿಲ್ಲ. ರದ್ದು ಮಾಡಿದವರಿಗೆ ಫೋನ್ ಬಾರದಿದ್ದದ್ದು ಅದಕ್ಕೆ.

ಕೀರ್ತನ್ ಹಳೆಯ ಲಿಂಕ್‌ಗಳನ್ನು ಅಲ್ಲೇ ಮುಚ್ಚಿದ. ಹೊಸದರಲ್ಲಿ ಆರ್ಡರ್ ನಂಬರ್ ಇಲ್ಲ, ಯಾರೂ ಊಹಿಸಲಾಗದ ಉದ್ದನೆಯ ಅಕ್ಷರಮಾಲೆ. ಪುಟದಲ್ಲಿ ವಿಳಾಸವೂ ಇಲ್ಲ, ಫೋನೂ ಇಲ್ಲ, ಪಾರ್ಸೆಲ್ ಎಲ್ಲಿದೆ ಎಂಬುದಷ್ಟೇ. ಗಿರಾಕಿಗಳಿಗೆ ನಡೆದದ್ದನ್ನು ಮುಚ್ಚಿಡದೆ ತಿಳಿಸಬೇಕೆಂದು ಅವನು ಹೇಳಿದ. ಪ್ರಫುಲ್ಲಾ ಹೂಂ ಎಂದಳು, ಆದರೆ ಅವಳ ತಲೆಯಲ್ಲಿದ್ದದ್ದು ಕಟಪಾಡಿ. ಅವಳಿಗೆ ನಾಚಿಕೆಯಾಗಿತ್ತು, ಭಯವೂ ಆಗಿತ್ತು.

ಅಲ್ಲಿಂದ ನೇರ ಕಟಪಾಡಿಗೆ ಹೋದಾಗ ಸವಿತಾ ಕೋಣೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಇವಳನ್ನು ಕಂಡು ಏಳಲೂ ಇಲ್ಲ, ಬಾಗಿಲು ಹಾಕಿಕೊಳ್ಳಲೂ ಇಲ್ಲ. ಪ್ರಫುಲ್ಲಾ ನಿಂತೇ ಎಲ್ಲವನ್ನೂ ಹೇಳಿದಳು.

"ನಿನ್ನ ತಪ್ಪು ಎಂತದೂ ಇಲ್ಲ ಸವಿತಾ. ಲಿಂಕ್ ಬಂದ್ ಮಾಡಿಸಿ ಆಯ್ತು. ನಾಳೆಯಿಂದಲೇ ಕೆಲಸಕ್ಕೆ ಬಾ."

"ಲಿಂಕ್ ಬಂದ್ ಮಾಡಿಸಿದ್ರಿ. ನನ್ನ ಫೋಟೋ ಹೆಂಗ ಬಂದ್ ಮಾಡಸ್ತೀರಿ?" ಸವಿತಾ ಮೊರದಿಂದ ಕಣ್ಣೆತ್ತಲಿಲ್ಲ. "ಉಡುಪ್ಯಾಗ ಮೋಕ್ಷಾ ಅಕ್ಕಾರ ಬೇಕರಿಗೆ ಕೆಲಸ ಕೇಳಾಕ ಹೋಗಿದ್ದೆ. ಅವ್ರು ಮಾತಾಡಲಿಲ್ರಿ. ಫೋನ್ ತಗದು ನನ್ನ ಮಾರಿ ನನಗ ತೋರಿಸಿದ್ರು. ಅಂಗಡಿ ತುಂಬ ಮಂದಿ ಇದ್ರು."

ಪ್ರಫುಲ್ಲಾ ತನ್ನ ಫೋನ್ ತೆಗೆದಳು. "ನಾನು ಅಲ್ಲೇ ಬರೀತೇನೆ. ಈಗಲೇ. ನೀನು ನೋಡು."

ಅವಳು ಬರೆದಳು. ಸವಿತಾ ನಿರಪರಾಧಿ, ನಂಬರ್ ಸೋರಿದ್ದು ನನ್ನ ಅಂಗಡಿಯ ಲಿಂಕ್‌ನಿಂದ, ಅದು ಹಾಗಿರಲು ಕಾರಣ ನಾನು, ನೋಡದೆ ಕೇಳದೆ ಅವಳ ಮಾನ ಕಳೆದವಳೂ ನಾನು, ಅವಳ ಫೋಟೋವನ್ನು ಎಲ್ಲರೂ ಅಳಿಸಿ. ಜೀವನದಲ್ಲಿ ಇಷ್ಟು ಸಲ ನಾನು, ನಾನು ಎಂದು ತಪ್ಪು ಒಪ್ಪಿಕೊಂಡು ಅವಳಿಗೆ ರೂಢಿಯೇ ಇರಲಿಲ್ಲ. ಕಳಿಸಿ ಫೋನನ್ನು ಸವಿತಾಳ ಕೈಗೆ ಕೊಟ್ಟಳು.

ಸವಿತಾ ಬೆರಳಿಟ್ಟು ನಿಧಾನವಾಗಿ ಓದಿದಳು. ಅವಳ ಮುಖ ಸ್ವಲ್ಪ ಸಡಿಲವಾಯಿತು. ಅಷ್ಟರಲ್ಲಿ ಮೋಕ್ಷಾಳ ಉತ್ತರ ಬಂತು. ಅದನ್ನೂ ಅವಳೇ ಗಟ್ಟಿಯಾಗಿ ಓದಿದಳು.

"'ನಿಮ್ಮದು ಎಂಥ ದೊಡ್ಡ ಮನಸ್ಸು ಪ್ರಫುಲ್ಲಕ್ಕ. ಪಾಪದವಳ ಹೊಟ್ಟೆಪಾಡು ಹಾಳಾಗಬಾರದೆಂದು ತಪ್ಪನ್ನು ನಿಮ್ಮ ತಲೆಗೇ ಹಾಕಿಕೊಂಡಿರಿ. ಆದರೂ ನಾವು ಹುಷಾರಾಗಿರ್ತೇವೆ.'"

ಕೆಳಗೆ ಹೆಬ್ಬೆರಳುಗಳು ಒಂದೊಂದಾಗಿ ಬರತೊಡಗಿದವು. ಸವಿತಾ ಫೋನನ್ನು ವಾಪಸ್ ಕೊಟ್ಟಳು.

"ಇವ್ರಿಗೆ ಈಗ ಏನಂತ ಬರೀತೀರಿ ಅಕ್ಕಾರ?"

ಪ್ರಫುಲ್ಲಾ ಬರೆಯಲು ಹೊರಟಳು, ಅಳಿಸಿದಳು, ಮತ್ತೆ ಬರೆದಳು. ಸವಿತಾ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.